ಅದಿರು ಹೋಗಿ ಧೀರ ಬಂದ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ತಕರಾರು ತಪ್ಪದೆ ಇರುತ್ತದೆ. ಹಾಡಿನ ಸಾಹಿತ್ಯ ಬೇಕೆಂದು ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಬೇರೇನನ್ನೋ ಬರೆದುಕೊಂಡು, ಆ ಬೇರೇನನ್ನೋ ಹುಡುಕಿ ತಂದುಕೊಡುತ್ತದೆ ಎಂಬುದು. ಒಬ್ಬರು 'ನಮ್ಮ ಉಚ್ಚಾರಣೆ ಸರಿಯಿಲ್ಲವೇ' ಎಂದು ಕೇಳುತ್ತಾರೆ, ಇನ್ನೊಬ್ಬರು 'ಕನ್ನಡ ಅಂದರೆ ಇವರಿಗೆಲ್ಲ ತಾತ್ಸಾರ' ಎಂದು ಸಿಟ್ಟಾಗುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಕಳೆದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಹ್ಯಾರಿಸನ್‌ನ ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದನ್ನು ಹೇಳಿದರೆ ಎಲ್ಲಿ ಏನಾಗುತ್ತದೆ ಎಂಬುದು ತಿಳಿಯಬಹುದು.

ನಮ್ಮ ಮೇಲಿನ ಮಹಡಿಯ ಮನೆಗೆ ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರು ಮಗನ ಜೊತೆ ಆರು ತಿಂಗಳು ಇರಲು ಬಂದಿದ್ದರು. ಒಂಬತ್ತು ವರ್ಷದ ಮೊಮ್ಮಗಳು ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹಾಡಬೇಕಿತ್ತು. ಅಜ್ಜಿ ಆರಿಸಿದ್ದು 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆ. 1978ರಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ಮನೆಮನೆಯಲ್ಲಿ ಕೇಳಿಬಂದ ಹಾಡು. ಅಮ್ಮ ಅದನ್ನು ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರಂತೆ. ನೋಟ್‌ಬುಕ್ಕು ಊರಿನ ಅಲ್ಮೇರಾದಲ್ಲಿತ್ತು. ಬಾಯಿಗೆ ಬರುತ್ತಿದ್ದದ್ದು ಅಲ್ಲಲ್ಲಿ ತುಂಡು ತುಂಡು. 'ಫೋನಿಗೆ ಹೇಳಿದರೆ ಬರುತ್ತದಂತೆ, ಒಂಚೂರು ನೋಡು ಮಾರಾಯ್ತಿ' ಎಂದು ಮೊಮ್ಮಗಳನ್ನು ಕರೆದುಕೊಂಡು ಕೆಳಗಿಳಿದು ಬಂದರು.

ಮೊದಲು ನಾನೇ ಎಡವಿದೆ. ಮೈಕಿನ ಗುರುತು ಒತ್ತಿ ಹಾಡಿನ ಮೊದಲ ಪದ 'ಜೋಗ' ಎಂಬಲ್ಲಿಂದ ಶುರುಮಾಡಿ, ಕೊನೆಗೆ 'ಲಿರಿಕ್ಸ್' ಎಂದೂ ಸೇರಿಸಿದೆ. ಪರದೆಯ ಮೇಲೆ ಸುತ್ತಮುತ್ತಲಿನ ಯೋಗ ತರಗತಿಗಳ ಪಟ್ಟಿ ಬಂತು. ಅಮೆರಿಕದಲ್ಲಿ ಕೊಂಡ ಫೋನು, ಅದರ ಕಿವಿ ಇಂಗ್ಲಿಷಿಗೆ ಹೊಂದಿಸಿದ್ದು. ನಾನು ಹೇಳಿದ ಕನ್ನಡವನ್ನೆಲ್ಲ ಅದು ಇಂಗ್ಲಿಷ್ ಪದಗಳೆಂದೇ ತಿಳಿದು, ಹತ್ತಿರದ ಇಂಗ್ಲಿಷ್ ಪದಗಳನ್ನು ಹೆಕ್ಕಿತ್ತು. ಆಮೇಲೆ ಅಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ರಾಗವಾಗಿಯೇ ಹಾಡಿದರು. 'ಸಿರಿ' ಎಂಬ ಪದ ಬಂದಾಗ ಮೇಜಿನ ಮೇಲಿದ್ದ ಇನ್ನೊಂದು ಫೋನು ತನ್ನನ್ನೇ ಕರೆದರೆಂದು ಎಚ್ಚೆತ್ತಿತು. ಅಮ್ಮ ಉಸಿರು ತೆಗೆದುಕೊಳ್ಳಲು ನಿಂತದ್ದೇ ತಡ, ಮೊದಲಿನ ಫೋನು ಮಾತು ಮುಗಿಯಿತೆಂದು ಹುಡುಕಾಟ ಶುರುಮಾಡಿತು. ಕೊನೆಗೆ ಮೊಮ್ಮಗಳು ಹೇಳಿದಳು. ಅವಳ ಕನ್ನಡದಲ್ಲಿ ತ ಮತ್ತು ಟ ಒಂದೇ ಮನೆಯ ಮಕ್ಕಳು, ಳ ಎಂಬುದು ಲ. 'ತುಂಗೆ' ಬೇರೆ ಏನೋ ಆಗಿ ಕೂತಿತು.

ಮೂವರದೂ ತಪ್ಪೇ, ಆದರೆ ಮೂರು ಬೇರೆ ಬೇರೆ ತಪ್ಪು. ಮದ್ದೂ ಬೇರೆ ಬೇರೆ. ಎಲ್ಲಕ್ಕೂ 'ಫೋನಿಗೆ ಕನ್ನಡ ಬರುವುದಿಲ್ಲ' ಎಂದು ಒಂದೇ ಹೆಸರಿಟ್ಟರೆ ಯಾವುದನ್ನೂ ತಿದ್ದಲಾಗುವುದಿಲ್ಲ.

ನನ್ನದು ಎಲ್ಲಕ್ಕಿಂತ ಸುಲಭದ್ದು. ಗೂಗಲ್ ತನ್ನ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿಸಿದ್ದು 2017ರ ಆಗಸ್ಟ್‌ನಲ್ಲಿ. ಆದರೆ ಅದು ಇದೆ ಎಂದ ಮಾತ್ರಕ್ಕೆ ನಿಮ್ಮ ಫೋನಿನಲ್ಲಿ ಚಾಲ್ತಿಯಲ್ಲಿರುತ್ತದೆ ಎಂದಲ್ಲ. ಹುಡುಕುವ ಆ್ಯಪ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ Settings, ಅಲ್ಲಿಂದ Voice, ಅಲ್ಲಿಂದ Languages ಎಂಬಲ್ಲಿಗೆ ಹೋಗಿ 'ಕನ್ನಡ (ಭಾರತ)' ಆರಿಸಿಕೊಳ್ಳಬೇಕು. ನಾನು ಈಗ ಇನ್ನೊಂದು ದಾರಿ ಹಿಡಿದಿದ್ದೇನೆ. Gboard ಕೀಲಿಮಣೆಗೆ ಕನ್ನಡವನ್ನು ಸೇರಿಸಿ, ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು, ಆ ಕೀಲಿಮಣೆಯ ಮೇಲಿರುವ ಮೈಕನ್ನೇ ಒತ್ತುತ್ತೇನೆ. ಕೀಲಿಮಣೆ ಯಾವ ಭಾಷೆಯಲ್ಲಿದೆಯೋ ಕಿವಿಯೂ ಆ ಭಾಷೆಯದೇ ಆಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಹೇಳಿದ್ದು ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರವಾಗಿ ನಿಂತಿರುತ್ತದೆ, ನಾನು ಒತ್ತುವವರೆಗೆ ಹುಡುಕಲು ಓಡುವುದಿಲ್ಲ. ತಪ್ಪಿದ್ದರೆ ತಿದ್ದಲು ಅಷ್ಟು ಬಿಡುವು ಸಾಕು.

ಗುರುತು ಸಿಗುವುದೂ ಸುಲಭ. ಪರದೆಯ ಮೇಲೆ ಇಂಗ್ಲಿಷ್ ಪದಗಳು ಬಂದರೆ, ಅಥವಾ ಅರ್ಥವಿಲ್ಲದ ಇಂಗ್ಲಿಷ್ ವಾಕ್ಯ ಬಂದರೆ, ತಪ್ಪು ನಿಮ್ಮ ನಾಲಿಗೆಯದಲ್ಲ, ಭಾಷೆಯ ಆಯ್ಕೆಯದು. ಕನ್ನಡ ಲಿಪಿಯಲ್ಲೇ ಬಂದು ಪದ ಮಾತ್ರ ಬೇರೆಯಾಗಿದ್ದರೆ ಅಲ್ಲಿಂದ ಮುಂದಿನ ಕಥೆ ಶುರು.

ಆ ಕಥೆಗೆ ನಾನು ಕೂತಿರುವ ಜಾಗಕ್ಕೂ ನಂಟಿದೆ. ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ ದೂರದ ಮರ್ರೆ ಹಿಲ್‌ನಲ್ಲಿ ಬೆಲ್ ಲ್ಯಾಬ್ಸ್ ಇದೆ. ಮಾತು ಗುರುತಿಸುವ ಮೊದಲ ಯಂತ್ರಗಳಲ್ಲಿ ಒಂದನ್ನು ಆ ಸಂಸ್ಥೆಯವರು 1952ರಲ್ಲಿ ಮಾಡಿದರು. ಅದರ ಹೆಸರು ಆಡ್ರಿ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ ಅದಕ್ಕೆ ತಿಳಿಯುತ್ತಿದ್ದವು. ಒಬ್ಬರ ದನಿಗೆ ಹೊಂದಿಸಿದ್ದರೆ, ಅವರು ಅಂಕಿ ಅಂಕಿಗೂ ನಡುವೆ ಬಿಡುವು ಕೊಟ್ಟು ಹೇಳಿದರೆ, ಚೆನ್ನಾಗಿ ಗುರುತಿಸುತ್ತಿತ್ತು. ಬೇರೆಯವರು ಬಂದು ಹೇಳಿದರೆ ಎಡವುತ್ತಿತ್ತು. ಆಡ್ರಿ ನಿಜಕ್ಕೂ ಸದ್ದನ್ನು ಸದ್ದಿಗೆ ಹೋಲಿಸುತ್ತಿದ್ದ ಯಂತ್ರ. ಹತ್ತೇ ಪದ ಇದ್ದದ್ದರಿಂದ ಅದು ಸಾಧ್ಯವಾಗಿತ್ತು.

ಇಂದಿನ ಫೋನು ಯಾರ ದನಿಯನ್ನಾದರೂ, ಲಕ್ಷಗಟ್ಟಲೆ ಪದಗಳನ್ನಾದರೂ ಕೇಳಿಸಿಕೊಳ್ಳುತ್ತದೆ. ಆದರೆ ಬರೀ ಸದ್ದಿನಿಂದ ಅಲ್ಲ. ಗದ್ದಲದ ಬಸ್ಸಿನಲ್ಲಿ ಕಂಡಕ್ಟರ್ ಏನೋ ಕೂಗುತ್ತಾರೆ, ನಮಗೆ ಕೇಳಿಸುವುದು ಅರ್ಧ. ಆದರೂ ಅವರು ಹೇಳಿದ್ದು 'ಮುಂದೆ ಹೋಗಿ' ಎಂದೇ ಇರಬೇಕು ಎಂದು ನಮಗೆ ಗೊತ್ತು, ಏಕೆಂದರೆ ಬಸ್ಸಿನಲ್ಲಿ ಕಂಡಕ್ಟರ್ ಹೇಳುವುದು ಅದನ್ನೇ. ಫೋನೂ ಹೀಗೆಯೇ. ಕೇಳಿದ ಸದ್ದಿಗೆ ಹತ್ತಿರವಾದ ಪದಗಳನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ಯಾವುದು ಯಾವುದರ ಪಕ್ಕ ಸಾಮಾನ್ಯವಾಗಿ ಬರುತ್ತದೆ ಎಂದು ಊಹಿಸುತ್ತದೆ. ಅದಕ್ಕೆ ಕಲಿಸಿದ್ದು ಬಹುಪಾಲು ದಿನಬಳಕೆಯ ಕನ್ನಡ, ಹಾಡಿನದಲ್ಲ. ಹಾಗಾಗಿ ಅದು ತಪ್ಪುವುದು ಮನಸ್ಸಿಗೆ ಬಂದಂತಲ್ಲ. ಯಾವಾಗಲೂ ಅಪರೂಪದ್ದನ್ನು ಬಿಟ್ಟು ಸಾಮಾನ್ಯವಾದದ್ದರ ಕಡೆಗೇ ವಾಲುತ್ತದೆ. ಇದೊಂದು ತಿಳಿದರೆ ಬಂದ ತಪ್ಪು ಪದವನ್ನು ನೋಡಿಯೇ ಹೇಳಬಹುದು, ಅದು ಯಾವ ಪದದ ಜಾಗದಲ್ಲಿ ಕೂತಿದೆ ಎಂದು.

ಅಮ್ಮ ಹಾಡಿದಾಗ ಆದದ್ದು ಇದರ ಜೊತೆಗೆ ಇನ್ನೊಂದು. ಕನ್ನಡದಲ್ಲಿ ಸ್ವರದ ಉದ್ದವೇ ಅರ್ಥವನ್ನು ಬದಲಿಸುತ್ತದೆ. ಕಡು ಬೇರೆ, ಕಾಡು ಬೇರೆ. ಬಿಡು ಬೇರೆ, ಬೀಡು ಬೇರೆ. ರಾಗಕ್ಕೆ ಇದರ ಹಂಗಿಲ್ಲ. ತಾಳ ಕೇಳಿದರೆ ಹ್ರಸ್ವವನ್ನು ಎಳೆಯುತ್ತದೆ, ಪದದ ನಡುವೆ ನಿಲ್ಲಿಸುತ್ತದೆ, ಒಂದು ಪದದ ಬಾಲವನ್ನು ಮುಂದಿನದರ ತಲೆಗೆ ಅಂಟಿಸುತ್ತದೆ. ಹಾಡು ಗೊತ್ತಿರುವ ನಮ್ಮ ಕಿವಿ ಇದನ್ನೆಲ್ಲ ಸರಿಪಡಿಸಿಕೊಂಡು ಕೇಳುತ್ತದೆ. ಬರಹಕ್ಕೆ ಇಳಿಸುವ ಯಂತ್ರ ಸರಿಪಡಿಸಿಕೊಳ್ಳುವುದಿಲ್ಲ. ಅದಕ್ಕೇ ನಾನು ಹೇಳುವ ಮೊದಲ ಮಾತು: ಹಾಡಬೇಡಿ, ಹೇಳಿ. ಹಾಲಿನವರಿಗೆ ಲೆಕ್ಕ ಹೇಳುವ ಹಾಗೆ, ಸಾದಾ ಗದ್ಯದಲ್ಲಿ, ನಿಲ್ಲದೆ.

ರಾಗ ಮಾತ್ರ ನೆನಪಿದ್ದವರಿಗೆ ಬೇರೆ ದಾರಿಯಿದೆ. 2020ರ ಅಕ್ಟೋಬರಿನಿಂದ ಗೂಗಲ್‌ನಲ್ಲಿ ಹತ್ತು ಹದಿನೈದು ಸೆಕೆಂಡು ಗುನುಗಿ ಹಾಡು ಹುಡುಕಬಹುದು. ಅದು ಪದಗಳನ್ನು ಕೇಳುವುದೇ ಇಲ್ಲ, ಸ್ವರದ ಏರಿಳಿತವನ್ನು ಧ್ವನಿಮುದ್ರಣಗಳ ಏರಿಳಿತಕ್ಕೆ ಹೋಲಿಸುತ್ತದೆ. ಸಿಕ್ಕರೆ ಸಿಗುವುದು ಹಾಡಿನ ಹೆಸರು. ಒಂದೇ ಮಟ್ಟಿನಲ್ಲಿ ಊರೆಲ್ಲ ಹಾಡುವ ಭಾವಗೀತೆಗೆ, ಸಿನಿಮಾ ಹಾಡಿಗೆ ಇದು ಒಗ್ಗುತ್ತದೆ. ದಾಸರ ಪದಕ್ಕೆ ಒಗ್ಗುವುದು ಕಷ್ಟ, ಒಂದೇ ಪದವನ್ನು ಒಂದೊಂದು ಮನೆಯಲ್ಲಿ ಒಂದೊಂದು ರಾಗದಲ್ಲಿ ಹಾಡುತ್ತಾರೆ. ನಮಗೆ ಹಾಡಿನ ಹೆಸರು ಗೊತ್ತಿತ್ತು, ಪದಗಳು ಬೇಕಿದ್ದವು. ಹಾಗಾಗಿ ಮಾತಿನ ದಾರಿಗೇ ವಾಪಸು ಬಂದೆವು.

ಅಮ್ಮ ಈ ಸಲ ಹಾಡದೆ ಹೇಳಿದರು. ಮಲೆನಾಡಿನ ಸ್ವಚ್ಛ ಕನ್ನಡ, ಕಿಟಕಿ ಮುಚ್ಚಿದ್ದರಿಂದ ಪಾಥ್ ರೈಲಿನ ಸದ್ದೂ ಇರಲಿಲ್ಲ. ಕೀಲಿಮಣೆ ಕನ್ನಡದ್ದು. ಆದರೂ ನಾಲ್ಕು ಕಡೆ ಎಡವಿತು. ಆ ನಾಲ್ಕನ್ನೂ ನಾನು ಬರೆದಿಟ್ಟುಕೊಂಡೆ, ಏಕೆಂದರೆ ಕನ್ನಡದ ಹಾಡಿನಲ್ಲಿ ಆಗುವ ತಪ್ಪುಗಳ ಜಾತಿಯೆಲ್ಲ ಅದರಲ್ಲೇ ಇತ್ತು.

ಮೊದಲನೆಯದು ಶೀರ್ಷಿಕೆಯೇ. 'ನಿತ್ಯೋತ್ಸವ' ಎಂದದ್ದು 'ನಿತ್ಯ ಉತ್ಸವ' ಆಗಿ, ದೇವಸ್ಥಾನಗಳ ಪೂಜಾ ವಿವರ ಬಂತು. ಗುಣಸಂಧಿಯನ್ನು ಬಿಡಿಸಿ ಬರೆದುಬಿಟ್ಟಿತ್ತು. ಎರಡನೆಯದು 'ಬಳುಕು' ಹೋಗಿ 'ಬೆಳಕು' ಬಂದದ್ದು. ಹಾಡಿನಲ್ಲಿ ಎರಡೂ ಪದ ಇವೆ, ಒಂದಕ್ಕೊಂದು ಪ್ರಾಸವಾಗಿ. ದಿನಬಳಕೆಯಲ್ಲಿ ಬೆಳಕು ಸಾವಿರ ಸಲ ಬಂದರೆ ಬಳುಕು ಒಂದು ಸಲ ಬಂದೀತು, ಹಾಗಾಗಿ ಎರಡು ಕಡೆಯೂ ಬೆಳಕೇ ಹೊತ್ತಿಕೊಂಡಿತು. ಮೂರನೆಯದು 'ನಿಲುಕಿನಲ್ಲಿ' ಎಂಬ ಪದ. ಕವಿ ಬರೆದದ್ದು '-ನಲ್ಲಿ', ಅಮ್ಮನ ಬಾಯಲ್ಲಿ ಅದು '-ನಲಿ' ಎಂದು ಮೊಟಕಾಗಿತ್ತು. ಯಂತ್ರ ಆ ಬಾಲವನ್ನು ಕತ್ತರಿಸಿ 'ನಲಿ' ಎಂಬ ಬೇರೆ ಕ್ರಿಯಾಪದವಾಗಿ ನಿಲ್ಲಿಸಿತು. ನಾಲ್ಕನೆಯದು 'ಲೋಹದದಿರ'. ಲೋಹದ, ಅದಿರ, ಎರಡೂ ಸೇರಿ ಲೋಪಸಂಧಿ. ಫೋನಿನ ಪರದೆಯಲ್ಲಿ ಬಂದದ್ದು 'ಲೋಹದ ಧೀರ'. ಪರವಾಗಿಲ್ಲ, ಗಂಭೀರವಾದ ಊಹೆಯೇ. ಅದಿರಿಗಿಂತ ಧೀರರು ಕನ್ನಡದಲ್ಲಿ ಹೆಚ್ಚು.

ನಾಲ್ಕರಲ್ಲೂ ಇರುವುದು ಒಂದೇ ತೊಡಕು. ಹುಡುಕಾಟಕ್ಕೆ ಬೇಕಾದದ್ದು ಅಪರೂಪದ ಪದ. 'ಬೆಳಕು' ಎಂದು ಹುಡುಕಿದರೆ ಕನ್ನಡದ ಅರ್ಧ ಭಾವಗೀತೆಗಳು ಎದ್ದು ಬರುತ್ತವೆ. 'ಸಹ್ಯಾದ್ರಿ', 'ಅದಿರು' ಎರಡೂ ಒಟ್ಟಿಗೆ ಇರುವ ಹಾಡು ಎಂದರೆ ಬೆರಳೆಣಿಕೆ. ಆದರೆ ಮಾತು ಗುರುತಿಸುವ ಕಿವಿಗೆ ಬೇಕಾದದ್ದು ಸಾಮಾನ್ಯ ಪದ. ಹುಡುಕುವವನಿಗೆ ಯಾವ ಪದ ಹೆಚ್ಚು ಉಪಯುಕ್ತವೋ ಅದೇ ಪದ ಕಿವಿಯಲ್ಲಿ ಕೆಡುತ್ತದೆ. ಧ್ವನಿ ಹುಡುಕಾಟವನ್ನು ಬೈಯುವವರು ಅನುಭವಿಸುವುದು ಇದನ್ನೇ. ಊಟದ ಹೋಟೆಲು ಹುಡುಕುವಾಗ, ಹವಾಮಾನ ಕೇಳುವಾಗ ಚೆನ್ನಾಗಿಯೇ ನಡೆಯುವ ಯಂತ್ರ ಹಾಡಿಗೆ ಬಂದಾಗ ಮಾತ್ರ ಏಕೆ ಕೈಕೊಡುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಡ.

ಹಾಗಾಗಿ ಉಪಾಯವೂ ಅಲ್ಲೇ ಇದೆ. ಸಾಮಾನ್ಯ ಪದಗಳನ್ನು ಹೇಳಿ, ಅಪರೂಪದ ಪದವನ್ನು ಕೈಯಿಂದ ತಿದ್ದಿ. ನಾವು ಮಾಡಿದ್ದು ಹೀಗೆ. ಇಡೀ ಸಾಲನ್ನು ಹೇಳುವುದನ್ನು ಬಿಟ್ಟು, ಮೂರೇ ಪದ ಆರಿಸಿಕೊಂಡೆವು: ಸಹ್ಯಾದ್ರಿ, ಲೋಹ, ಅದಿರು. ಸಂಧಿಯನ್ನು ನಾವೇ ಬಿಡಿಸಿ, ವಿಭಕ್ತಿ ತೆಗೆದು, ಒಂದರ ಹಿಂದೆ ಒಂದು ಸ್ಪಷ್ಟವಾಗಿ ಹೇಳಿದೆವು. ಸಹ್ಯಾದ್ರಿ, ಲೋಹ ಎರಡೂ ಸರಿಯಾಗಿ ಬಂದವು. ಅದಿರು ಮಾತ್ರ 'ಎದುರು' ಆಯಿತು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ, ಇನ್ನಷ್ಟು ಜೋರಾಗಿ ಹೇಳುವುದು. ಜೋರಾಗಿ ಹೇಳಿದರೆ ಸದ್ದು ಒಡೆಯುತ್ತದೆ, ಊಹೆ ಬದಲಾಗುವುದಿಲ್ಲ. ಮೊದಲ ಸಲ ಸರಿಯಾಗಿ ಬಂದಿದ್ದ ಪದ ಎರಡನೆಯ ಸಲ ಕೆಡುವುದೂ ಉಂಟು. ಅದರ ಬದಲು ಬೆರಳನ್ನು ತಪ್ಪಿದ ಪದದ ಮೇಲಿಟ್ಟು, ಅದೊಂದನ್ನೇ ಅಳಿಸಿ, ಕೀಲಿಮಣೆಯಲ್ಲಿ ಬರೆಯಬೇಕು. ಕನ್ನಡ ಕೀಲಿಮಣೆ ಅಭ್ಯಾಸವಿಲ್ಲದವರು Gboardನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿನ್ಯಾಸ ಹಾಕಿಕೊಂಡು adiru ಎಂದು ಒತ್ತಿದರೆ, ಮೇಲಿನ ಪಟ್ಟಿಯಲ್ಲಿ 'ಅದಿರು' ಬರುತ್ತದೆ, ಅದನ್ನು ಮುಟ್ಟಿದರೆ ಸಾಕು. ಮೊಮ್ಮಗಳಿಗೆ ಇದು ಕ್ಷಣದಲ್ಲಿ ಬಂತು. ತ, ಟ ಗೊಂದಲವೂ ಇಲ್ಲಿ ಕಾಡುವುದಿಲ್ಲ, ಏಕೆಂದರೆ ಎದುರಿಗೆ ಬಂದ ಪದಗಳಲ್ಲಿ ಕಣ್ಣಿಂದ ಆರಿಸುವುದು. ನಾಲಿಗೆ ಎಡವುವ ಮಕ್ಕಳಿಗೂ ಕಣ್ಣು ಎಡವುವುದಿಲ್ಲ.

ಪಕ್ಕದಲ್ಲಿ ಒಂದು ಗೂಟ ಹೊಡೆದುಕೊಳ್ಳುವುದೂ ಒಳ್ಳೆಯದು. ಕವಿಯ ಹೆಸರು, ಚಿತ್ರದ ಹೆಸರು, ಹಾಡಿದವರ ಹೆಸರು, ಯಾವುದು ಗೊತ್ತೋ ಅದು. ಹೆಸರಾಂತ ಹೆಸರುಗಳನ್ನು ಯಂತ್ರ ಚೆನ್ನಾಗಿ ಗುರುತಿಸುತ್ತದೆ, ಅವು ಪಕ್ಕದಲ್ಲಿದ್ದರೆ ಹುಡುಕಾಟದ ದಿಕ್ಕು ತಪ್ಪುವುದಿಲ್ಲ. 'ಮೈಸೂರು ಮಲ್ಲಿಗೆ' ಎಂದಷ್ಟೇ ಹೇಳಿ ನೋಡಿ. 1942ರ ಕವನಸಂಕಲನ, ಅದನ್ನೇ ಆಧರಿಸಿ ಅರ್ಧ ಶತಮಾನದ ಮೇಲೆ ಬಂದ ನಾಗಾಭರಣರ ಸಿನಿಮಾ, ಮಾರುಕಟ್ಟೆಯ ಹೂವು, ಎಲ್ಲವೂ ಒಟ್ಟಿಗೆ ಬರುತ್ತವೆ. 'ನರಸಿಂಹಸ್ವಾಮಿ ಕವಿತೆ' ಎಂದು ಸೇರಿಸಿದರೆ ಹೂವಿನಂಗಡಿ ಹಿಂದೆ ಸರಿಯುತ್ತದೆ. ಇದರ ಜೊತೆ ಇನ್ನೊಂದು ಮಾತು. ಕನ್ನಡ ಹಾಡುಗಳ ಎಷ್ಟೋ ಪುಟಗಳು ಇಂಗ್ಲಿಷ್ ಲಿಪಿಯಲ್ಲಿವೆ. ಕನ್ನಡ ಲಿಪಿಯಲ್ಲಿ ಸಿಗದಿದ್ದರೆ ಭಾಷೆ ತಿರುಗಿಸಿ nityotsava lyrics ಎಂದು ಒತ್ತಿ ನೋಡಬೇಕು. ಅಲ್ಲಿ ಹಾಡಿನ ರೂಪರೇಖೆ ಸಿಕ್ಕರೆ, ಅದರಲ್ಲಿನ ಒಂದೆರಡು ಪದಗಳನ್ನು ಕನ್ನಡಕ್ಕೆ ತಿರುಗಿಸಿ ಮತ್ತೆ ಹುಡುಕಬಹುದು.

ಉದ್ಧರಣ ಚಿಹ್ನೆಯ ವಿಷಯದಲ್ಲಿ ಎಚ್ಚರ. ಪದಗಳ ಸುತ್ತ ಎರಡೆರಡು ಉದ್ಧರಣ ಚಿಹ್ನೆ ಹಾಕಿದರೆ ಅಷ್ಟೂ ಪದ ಅದೇ ಕ್ರಮದಲ್ಲಿ ಇರುವ ಪುಟ ಮಾತ್ರ ಕೊಡು ಎಂದರ್ಥ. ಸ್ನೇಹಿತರು ಹೇಳಿಕೊಟ್ಟರೆಂದು ಎಷ್ಟೋ ಜನ ಮೊದಲೇ ಅದನ್ನು ಹಾಕುತ್ತಾರೆ. ಒಳಗೆ ಒಂದೇ ಒಂದು ದೀರ್ಘ ಹೆಚ್ಚಾಗಿದ್ದರೂ ಉತ್ತರ ಸೊನ್ನೆ, ಹಾಡೇ ಇಲ್ಲವೆಂದು ಅವರು ಕೈಬಿಡುತ್ತಾರೆ. ಚಿಹ್ನೆ ಹಾಕುವುದು ಕೊನೆಯ ಹೆಜ್ಜೆ, ಪದಗಳು ಸರಿಯಿವೆ ಎಂದು ಖಾತ್ರಿಯಾದ ಮೇಲೆ, ಬೇರೆ ಬೇರೆ ಪುಟಗಳನ್ನು ಹೋಲಿಸಲು.

ಎಲ್ಲ ಸರಿಯಿದ್ದೂ ಸಿಗದಿರುವುದೂ ಉಂಟು. ಹಳೆಯ ಕೆಲವು ಕನ್ನಡ ಜಾಲತಾಣಗಳು ಯೂನಿಕೋಡ್ ಬರುವ ಮುಂಚಿನ ಅಕ್ಷರಶೈಲಿಗಳಲ್ಲಿವೆ. ಕಣ್ಣಿಗೆ ಅದು ಕನ್ನಡ, ಹುಡುಕುವ ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಸ್ತಕದ ಪುಟವನ್ನು ಫೋಟೊ ತೆಗೆದು ಹಾಕಿದ್ದರೂ ಹೆಚ್ಚುಕಡಿಮೆ ಅದೇ ಗತಿ. ನೀವು ಎಷ್ಟು ಸರಿಯಾಗಿ ಹೇಳಿದರೂ ಅವು ಕೈಗೆ ಸಿಗುವುದಿಲ್ಲ. ಹಾಡುವ ವಚನಗಳಿಗೆ ಮಾತ್ರ ಒಂದು ನೆಮ್ಮದಿಯ ಜಾಗವಿದೆ. 'ವಚನ ಸಂಚಯ' ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕುವಂತೆ ಜೋಡಿಸಿದ್ದಾರೆ. ಒಂದು ಅಪರೂಪದ ಪದ ಸರಿಯಾಗಿ ಬರೆದರೆ ಅದು ಎಲ್ಲೆಲ್ಲಿ ಬಂದಿದೆಯೋ ಆ ವಚನಗಳೆಲ್ಲ ಬರುತ್ತವೆ. ಭಾವಗೀತೆಗಳಿಗೂ ಹೀಗೊಂದು ಜಾಗ ಇರಬೇಕಿತ್ತು ಎಂದು ನನಗೆ ಅನಿಸುತ್ತಲೇ ಇರುತ್ತದೆ.

ನಮ್ಮ ಹುಡುಕಾಟಕ್ಕೆ ಬಂದರೆ, ಮೂರು ಪದ ಸರಿಯಾದ ಮೇಲೆ ಹಾಡು ಕ್ಷಣದಲ್ಲಿ ಸಿಕ್ಕಿತು. ಒಂದಲ್ಲ, ಹಲವು ಪುಟಗಳಲ್ಲಿ. ಆದರೆ ಪುಟದಿಂದ ಪುಟಕ್ಕೆ ಸಣ್ಣ ಸಣ್ಣ ಭೇದ. ಒಂದರಲ್ಲಿ ಪದ ಒಡೆದಿತ್ತು, ಇನ್ನೊಂದರಲ್ಲಿ ಒತ್ತಕ್ಷರ ಬಿಟ್ಟುಹೋಗಿತ್ತು. ಹಾಡು ಕೇಳಿ ಯಾರೋ ಬರೆದುಕೊಂಡದ್ದು, ಅದನ್ನು ಇನ್ನಾರೋ ನಕಲು ಮಾಡಿದ್ದು. ಒಂದೇ ತಪ್ಪು ಎರಡು ಕಡೆ ಇದ್ದರೆ ಅದು ಎರಡು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ಎರಡು ಪ್ರತಿ. 'ಎಲ್ಲ ಕಡೆಯೂ ಹೀಗೇ ಇದೆ' ಎಂಬುದು ಸರಿ ಎನ್ನಲು ಸಾಲದು.

ಹಾಗಾದರೆ ಪುಸ್ತಕ ಕೈಯಲ್ಲಿಲ್ಲದಾಗ ಸರಿ ತಪ್ಪು ತಿಳಿಯುವುದು ಹೇಗೆ? ಶಾಲೆಯಲ್ಲಿ ಬೇಸರದಿಂದ ಕಲಿತ ಛಂದಸ್ಸು ಇಲ್ಲಿ ಕೆಲಸಕ್ಕೆ ಬರುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ಲೋಹದದಿರ' ಎಂದರೆ ಲೋ ಎರಡು, ಹ ಒಂದು, ದ ಒಂದು, ದಿ ಒಂದು, ರ ಒಂದು, ಒಟ್ಟು ಆರು. 'ಲೋಹದ ಧೀರ' ಎಂದು ಮಾಡಿದರೆ ಧೀ ಎರಡಾಗಿ ಏಳು. ಪಕ್ಕದ ಪದ 'ಉತ್ತುಂಗದ' ಎಣಿಸಿ: ಉ ಒತ್ತಕ್ಷರದ ಹಿಂದೆ ಇರುವುದರಿಂದ ಎರಡು, ತ್ತುಂ ಎರಡು, ಗ ಒಂದು, ದ ಒಂದು, ಆರು. ಆಚೆ ಪಕ್ಕದ್ದೂ ಆರೇ. ಆರಾರರ ನಡಿಗೆಯಲ್ಲಿ ಏಳರ ಹೆಜ್ಜೆ ಹಾಕಿದ ಧೀರ ಅಲ್ಲೇ ಸಿಕ್ಕಿಬಿದ್ದ. ಆದರೆ ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಬೆಳಕು ಮೂರು ಮಾತ್ರೆ, ಬಳುಕೂ ಮೂರೇ. ಅಲ್ಲಿ ಅರ್ಥವನ್ನು ಕೇಳಬೇಕು. ಪಕ್ಕದಲ್ಲಿರುವುದು ತೆನೆ. ತೆನೆ ಗಾಳಿಗೆ ಬಳುಕುತ್ತದೆ, ಬೆಳಗುವುದಿಲ್ಲ. ಲೆಕ್ಕಕ್ಕೆ ಸಿಕ್ಕದ ಕಡೆ ಅರ್ಥ, ಅರ್ಥ ಹೊಯ್ದಾಡುವ ಕಡೆ ಲೆಕ್ಕ. ಎರಡರಲ್ಲೂ ನಿಂತ ಪದವನ್ನು ಮಗುವಿಗೆ ಬರೆದುಕೊಡಬಹುದು. ವೇದಿಕೆಗೆ ಹೋಗುವ ಹಾಡಾದರೆ ಊರಿಂದ ಪುಸ್ತಕದ ಪುಟದ ಫೋಟೊ ತರಿಸಿ ಒಮ್ಮೆ ನೋಡುವುದೇ ನೆಟ್ಟಗಿನ ಕೆಲಸ.

ಅಮ್ಮ ಅಷ್ಟು ಹೊತ್ತೂ ಸುಮ್ಮನಿದ್ದರು. ನಾನು ಬೆರಳು ಮಡಚಿ ಮಾತ್ರೆ ಎಣಿಸುವುದನ್ನು ನೋಡುತ್ತಿದ್ದವರು, 'ಅದಿರು ಅಂದರೆ ನಮ್ಮ ಕುದುರೆಮುಖದಲ್ಲಿ ತೆಗೀತಿದ್ರಲ್ಲ, ಅದಾ?' ಎಂದರು. ಅದೇ ಎಂದೆ. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು, ಸಹ್ಯಾದ್ರಿ ಎಂದಾಗ ಅವರಿಗೆ ಹಸಿರಿನ ಜೊತೆ ಬೆಟ್ಟದ ಹೊಟ್ಟೆಯೊಳಗಿನ ಲೋಹವೂ ಕಂಡಿದ್ದರೆ ಆಶ್ಚರ್ಯವಿಲ್ಲ ಎಂದೂ ಹೇಳಿದೆ. ಅವರು ಏನೋ ಯೋಚಿಸಿ ಊರಿನಲ್ಲಿರುವ ಸೊಸೆಗೆ ಕರೆ ಮಾಡಿದರು. ಅಲ್ಲಿ ಬೆಳಗಾಗಿತ್ತು. 'ಅಲ್ಮೇರಾದ ಕೆಳಗಿನ ಅರೆಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇದೆ, ನಿತ್ಯೋತ್ಸವ ಇರೋ ಹಾಳೆ ಫೋಟೊ ಹೊಡೆದು ಕಳಿಸು.'

ಹತ್ತು ನಿಮಿಷದಲ್ಲಿ ಫೋಟೊ ಬಂತು. ಮಾಸಿದ ಇಂಕು, ದುಂಡಗಿನ ಅಕ್ಷರ. ರೇಡಿಯೊದ ಪಕ್ಕ ಕೂತು ಒಂದೊಂದು ಪ್ರಸಾರಕ್ಕೆ ಒಂದೊಂದು ಸಾಲು ತುಂಬಿಸಿದ್ದು, ನಡುನಡುವೆ ಹೊಡೆದುಹಾಕಿ ತಿದ್ದಿದ್ದು. ಬಳುಕು ಸರಿಯಾಗಿತ್ತು. ನಿಲುಕೂ ಸರಿಯಾಗಿತ್ತು. ಸಹ್ಯಾದ್ರಿಯ ಸಾಲಿಗೆ ಬಂದಾಗ ಮೊಮ್ಮಗಳು ಪರದೆಯ ಮೇಲೆ ಬೆರಳಿಟ್ಟು ನಗತೊಡಗಿದಳು. ಅಜ್ಜಿ ಬರೆದಿದ್ದದ್ದೂ 'ಧೀರ' ಎಂದೇ.

'ನಲವತ್ತು ವರ್ಷ ಹಾಗೇ ಹಾಡಿದ್ನಲ್ಲೇ' ಎಂದರು ಅಮ್ಮ. ಆಮೇಲೆ ಸೊಸೆಗೆ ಮತ್ತೆ ಕರೆ ಮಾಡಿ, ಆ ಪದವನ್ನು ಹೊಡೆದುಹಾಕಿ ಪಕ್ಕದಲ್ಲಿ ಅದಿರು ಎಂದು ಬರೆಯಲು ಹೇಳಿದರು. ಪೆನ್ಸಿಲಿನಲ್ಲಿ ಬೇಡ, ಪೆನ್ನಿನಲ್ಲೇ ಬರಿ ಎಂದು ಎರಡೆರಡು ಸಲ ಹೇಳಿದರು.